ಬೆಕ್ಕಲ್ಲದ ಬೆಕ್ಕು: ಪ್ರಾಣಿವರ್ಗೀಕರಣದ ಮೆಟ್ಟಿಲುಗಳನ್ನು ಕುರಿತು

ವಾಮದಪದವಿನಿಂದ ಬೆಳ್ತಂಗಡಿಯ ಕಡೆಗಾಗಲಿ ಮೂಡುಬಿದಿರೆಯ ಕಡೆಗಾಗಲಿ ಹೊರಟರೆ, ಮುರಕಲ್ಲಿನ ಪದವುಗಳ ನಡುವೆ ತಗ್ಗಿನಲ್ಲೆಲ್ಲ ಅಡಿಕೆಯ ತೋಟಗಳೇ ಕಾಣುತ್ತವೆ. ಈ ತೋಟಗಳ ಹಳೆಯ ಹೆಂಚಿನ ಮನೆಗಳಲ್ಲಿ ಬಿಡಾರ ಹೂಡುವ ಒಂದು ಪ್ರಾಣಿಯುಂಟು. ಹಗಲೆಲ್ಲ ಅಟ್ಟದ ಕತ್ತಲೆಯಲ್ಲೋ ಮರದ ಪೊಟರೆಯಲ್ಲೋ ಮಲಗಿದ್ದು, ಇರುಳಾದೊಡನೆ ಹೊರಬಿದ್ದು, ಹಣ್ಣಾದ ಬಾಳೆಯನ್ನೂ ಪಪ್ಪಾಯಿಯನ್ನೂ ಮುಗಿಸಿಬಿಡುತ್ತದೆ. ಬೂದುಗಪ್ಪು ಮೈ, ಬೆನ್ನಿನ ಮೇಲೆ ಮಸುಕಾದ ಮೂರು ಪಟ್ಟೆ, ಮುಖವಾಡ ತೊಟ್ಟಂತಹ ಮುಖ, ಮೈಯಷ್ಟೇ ಉದ್ದವಾದ ಬಾಲ. ಜನರು ಇದನ್ನು ಮರಬೆಕ್ಕು ಎನ್ನುತ್ತಾರೆ. ಪುನುಗುಬೆಕ್ಕು ಎಂದೂ ಕರೆಯುತ್ತಾರೆ. ಕಳ್ಳಿನ ಮಡಕೆಗೆ ಬಾಯಿ ಹಾಕುವ ಚಾಳಿಯಿರುವುದರಿಂದ ಇಂಗ್ಲಿಷರು ಇದಕ್ಕೆ ಟಾಡಿ ಕ್ಯಾಟ್ ಎಂದು ಹೆಸರಿಟ್ಟರು. ಕನ್ನಡದವರಿಗೂ ಇಂಗ್ಲಿಷರಿಗೂ ಇದು ಬೆಕ್ಕೇ. ಪ್ರಾಣಿಶಾಸ್ತ್ರಜ್ಞನೊಬ್ಬ ಮಾತ್ರ ಇದು ಬೆಕ್ಕಲ್ಲವೆಂದು ಹೇಳುತ್ತಾನೆ.

ಅವನು ಹಾಗೆ ಹೇಳಲು ಆಧಾರವೇನು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ವರ್ಗೀಕರಣದ ಮೊದಲ ನಾಲ್ಕು ಮೆಟ್ಟಿಲುಗಳಾದ ಪ್ರಭೇದ, ಜಾತಿ, ಕುಟುಂಬ ಮತ್ತು ಗಣಗಳ ನಿಜವಾದ ಸ್ವರೂಪವೇನೆಂಬುದು ತಿಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವಕ್ಕೆ ಕ್ರಮವಾಗಿ ಸ್ಪೀಶೀಸ್, ಜೀನಸ್, ಫ್ಯಾಮಿಲಿ, ಆರ್ಡರ್ ಎಂದು ಹೆಸರು. ನಮ್ಮ ವಿದ್ಯಾರ್ಥಿಗಳು ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಏಣಿಯೊಂದರ ಚಿತ್ರವನ್ನೂ ಬರೆಯುತ್ತಾರೆ. ಏಣಿಯ ಮೆಟ್ಟಿಲುಗಳೆಲ್ಲ ಒಂದೇ ಮರದಿಂದ ಮಾಡಿದವು, ಒಂದೇ ಅಂತರದಲ್ಲಿ ಜೋಡಿಸಿದವು ಎಂಬ ಭಾವನೆ ಆ ಚಿತ್ರದಿಂದ ಸಹಜವಾಗಿಯೇ ಹುಟ್ಟುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ನಾನು ಪ್ರಾಣಿಶಾಸ್ತ್ರದ ಅಂಗಳಕ್ಕೆ ಕಾಲಿಟ್ಟಿರುವುದು ಈ ಭಾವನೆ ಸರಿಯಲ್ಲವೆಂದು ಹೇಳುವುದಕ್ಕಾಗಿ. ಅಳತೆ ಎಂಬ ಮಾತು ಬಂದಲ್ಲಿ, ಆ ಅಳತೆಗೋಲು ಎಲ್ಲೆಲ್ಲೂ ಒಂದೇ ಉದ್ದವಾಗಿದೆಯೇ ಎಂದು ಕೇಳುವುದು ನಮ್ಮವರ ಅಭ್ಯಾಸ. ಆ ಪ್ರಶ್ನೆಯನ್ನೇ ಇಲ್ಲಿಯೂ ಕೇಳೋಣ.

ಮೊದಲು ಕೆಳಗಿನ ಮೆಟ್ಟಿಲು. ಪ್ರಭೇದವೆಂದರೇನು? ತಮ್ಮತಮ್ಮಲ್ಲಿ ನಿಸರ್ಗದಲ್ಲಿ ಕೂಡಿ, ಮತ್ತೆ ಸಂತಾನವನ್ನು ಪಡೆಯಬಲ್ಲ ಮರಿಗಳನ್ನು ಹೆರುವ ಪ್ರಾಣಿಗಳ ಸಮೂಹವೇ ಪ್ರಭೇದ. 1942ರಲ್ಲಿ ಅರ್ನ್‌ಸ್ಟ್ ಮೇಯರ್ ಎಂಬ ವಿಜ್ಞಾನಿ ಈ ಅರ್ಥವನ್ನು ಖಚಿತಗೊಳಿಸಿದನು. ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆಯೆಂದರೆ ಕುದುರೆ ಮತ್ತು ಕತ್ತೆಗಳದು. ಇವೆರಡು ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಅದು ಬಲಿಷ್ಠವಾದ ಪ್ರಾಣಿಯೇ. ಆದರೆ ಅದಕ್ಕೆ ಸಂತಾನವಿಲ್ಲ. ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳು, ಕತ್ತೆಯದರಲ್ಲಿ 62. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಪಡೆದ ಹೇಸರಗತ್ತೆಗೆ 63. ಬೀಜಕೋಶಗಳು ತಯಾರಾಗುವಾಗ ವರ್ಣತಂತುಗಳು ಜೋಡಿಜೋಡಿಯಾಗಿ ನಿಲ್ಲಬೇಕು. ಇಲ್ಲಿ ಸಂಖ್ಯೆಯೂ ಸರಿಹೋಗದು, ಎದುರಾದ ಜೊತೆಗಳೂ ಪೂರ್ತಿ ಹೊಂದವು. ಆದುದರಿಂದ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಕುದುರೆ ಮತ್ತು ಕತ್ತೆಗಳ ನಡುವಿನ ಗೆರೆಯನ್ನು ಯಾವ ಪಂಡಿತನೂ ಎಳೆಯಲಿಲ್ಲ. ಅದು ಆ ಪ್ರಾಣಿಗಳ ಒಡಲಿನಲ್ಲೇ ಇದೆ.

ನಮ್ಮ ಮರಬೆಕ್ಕಿಗೆ ಬರೋಣ. ಇದರ ಶಾಸ್ತ್ರೀಯ ನಾಮ ಪ್ಯಾರಡಾಕ್ಸೂರಸ್ ಹರ್ಮಾಫ್ರೊಡೈಟಸ್. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದನ್ನೇ ಹೋಲುವ ಇನ್ನೊಂದು ಪ್ರಾಣಿಯಿದೆ; ಅದು ಕಂದುಬಣ್ಣದ ಮರಬೆಕ್ಕು, ಪ್ಯಾರಡಾಕ್ಸೂರಸ್ ಜೆರ್ಡೋನಿ. ಜಗತ್ತಿನಲ್ಲಿ ಪಶ್ಚಿಮಘಟ್ಟವನ್ನು ಬಿಟ್ಟರೆ ಅದು ಬೇರೆಲ್ಲಿಯೂ ಇಲ್ಲ. ಅದರ ಬೆನ್ನಿನಲ್ಲಿ ಪಟ್ಟೆಗಳಿಲ್ಲ. ಕುತ್ತಿಗೆಯ ಹಿಂಭಾಗದ ಕೂದಲು, ಬಾಚಣಿಗೆಯಿಂದ ತಿರುಗಾ ಬಾಚಿದಂತೆ, ತಲೆಯ ಕಡೆಗೆ ಮುಖ ಮಾಡಿ ಬೆಳೆದಿರುತ್ತದೆ. ಎರಡೂ ಒಂದೇ ಬೆಟ್ಟದ ಸಾಲಿನಲ್ಲಿ ಬಾಳುತ್ತಿದ್ದರೂ ತಮ್ಮ ತಮ್ಮ ಗುರುತುಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು ಬಂದಿವೆ. ಆದುದರಿಂದ ಇವು ಎರಡು ಪ್ರಭೇದಗಳು. ಆದರೂ ಇವುಗಳಲ್ಲಿ ಹೋಲಿಕೆ ಅತ್ಯಧಿಕವಾದುದರಿಂದಲೂ, ಹತ್ತಿರದ ಪೂರ್ವಜರಿಂದ ಕವಲೊಡೆದವಾದುದರಿಂದಲೂ, ಎರಡನ್ನೂ ಪ್ಯಾರಡಾಕ್ಸೂರಸ್ ಎಂಬ ಒಂದೇ ಜಾತಿಯಲ್ಲಿ ಇಟ್ಟಿದ್ದಾರೆ. ಶಾಸ್ತ್ರೀಯ ನಾಮದ ಮೊದಲ ಪದ ಜಾತಿಯದು. ಎರಡನೆಯದು ಅದಕ್ಕೆ ಸೇರಿ ಪ್ರಭೇದವನ್ನು ಸೂಚಿಸುತ್ತದೆ. ನಮ್ಮಲ್ಲಿ ಮನೆಯ ಹೆಸರು ಮುಂದೆ, ವ್ಯಕ್ತಿಯ ಹೆಸರು ಹಿಂದೆ ಬರುವ ರೂಢಿಯಿದೆಯಲ್ಲವೇ, ಹಾಗೆ.

ಇನ್ನು ಇವು ಬೆಕ್ಕೇಕಲ್ಲ ಎಂಬ ಮಾತು. ಮನೆಯ ಬೆಕ್ಕನ್ನು ಹಿಡಿದು ಪಂಜವನ್ನು ಮೆಲ್ಲನೆ ಒತ್ತಿದರೆ, ಒಳಗೆ ಅಡಗಿದ್ದ ಉಗುರುಗಳು ಹೊರಕ್ಕೆ ಬರುತ್ತವೆ. ಮುಖ ಗಿಡ್ಡ, ದವಡೆಯೂ ಗಿಡ್ಡ. ಅದರ ತಲೆಬುರುಡೆ ದೊರೆತರೆ ಹಲ್ಲುಗಳನ್ನು ಎಣಿಸಿ ನೋಡಬೇಕು, ಒಟ್ಟು 30. ಚಿರತೆಯ ಹಲ್ಲನ್ನೂ ಹುಲಿಯ ಹಲ್ಲನ್ನೂ ಎಣಿಸಿದವರಿದ್ದಾರೆ, ಅವೂ 30. ಮರಬೆಕ್ಕಿನ ಮುಖವಾದರೋ ಉದ್ದ, ಮೂತಿ ಚೂಪು. ಉದ್ದವಾದ ದವಡೆಯಲ್ಲಿ 40 ಹಲ್ಲುಗಳು. ಬಾಲದ ಬುಡದ ಹತ್ತಿರ ಗಂಧದ ಗ್ರಂಥಿಗಳಿವೆ. ನೋಡಿದವರಿಗೆ ಅವು ಹೆಣ್ಣಿನಲ್ಲಿಯೂ ಗಂಡಿನ ಅಂಗದಂತೆ ತೋರಿದುದರಿಂದಲೇ ಪಲ್ಲಾಸ್ ಎಂಬ ವಿದ್ವಾಂಸನು 1777ರಲ್ಲಿ ಇದಕ್ಕೆ ಹರ್ಮಾಫ್ರೊಡೈಟಸ್, ಅಂದರೆ ಅರ್ಧನಾರೀಶ್ವರನಂತಹುದು, ಎಂಬ ಅರ್ಥದ ಹೆಸರನ್ನು ಅಂಟಿಸಿದನು. ಪ್ರಾಣಿಯೇನೋ ಅಂತಹುದಲ್ಲ, ಹೆಸರು ಮಾತ್ರ ಉಳಿಯಿತು. ಹೀಗೆ ಹಲ್ಲು, ಮುಖ, ಗ್ರಂಥಿ ಮೊದಲಾದ ಲಕ್ಷಣಗಳು ಕೂಡಿ ಹೇಳುವ ಸಾಕ್ಷ್ಯದಿಂದ ಬೆಕ್ಕು, ಚಿರತೆ, ಹುಲಿಗಳನ್ನೆಲ್ಲ ಫೇಲಿಡೇ ಎಂಬ ಒಂದು ಕುಟುಂಬದಲ್ಲಿಯೂ, ಪುನುಗಿನ ಪ್ರಾಣಿಗಳನ್ನು ವೈವೆರಿಡೇ ಎಂಬ ಬೇರೊಂದು ಕುಟುಂಬದಲ್ಲಿಯೂ ಇಟ್ಟಿದ್ದಾರೆ. ನಮ್ಮ ಮನೆಯ ಬೆಕ್ಕಿಗೆ ಮರಬೆಕ್ಕಿಗಿಂತ ಹುಲಿಯೇ ಹತ್ತಿರದ ನೆಂಟ. ಬೆಕ್ಕನ್ನು ಹುಲಿಯ ಸೋದರತ್ತೆಯೆಂದೂ ಚಿಕ್ಕಮ್ಮನೆಂದೂ ಹೇಳುವ ಮಕ್ಕಳ ಕಥೆಗಳು ಈ ಒಂದು ವಿಷಯದಲ್ಲಿ ಪ್ರಾಣಿಶಾಸ್ತ್ರಕ್ಕೆ ಒಪ್ಪುವ ಮಾತನ್ನೇ ಆಡುತ್ತವೆ.

ಕುಟುಂಬ ಬೇರೆಯಾದರೂ ಗಣ ಒಂದೇ. ನಾಯಿ, ನರಿ, ಬೆಕ್ಕು, ಮರಬೆಕ್ಕು, ಮುಂಗುಸಿ, ಕರಡಿ, ನೀರುನಾಯಿ ಇವೆಲ್ಲ ಕಾರ್ನಿವೊರಾ ಎಂಬ ಗಣಕ್ಕೆ ಸೇರಿದವು. ಈ ಪದಕ್ಕೆ ಮಾಂಸಾಹಾರಿ ಎಂದು ಅರ್ಥ ಹೇಳಿ ಮುಂದೆ ಸಾಗುವುದು ನಮ್ಮ ತರಗತಿಗಳ ಪದ್ಧತಿ. ಇದರಿಂದ ಆಗುವ ಗೊಂದಲ ಸಣ್ಣದಲ್ಲ. ಹಣ್ಣನ್ನೇ ಹೆಚ್ಚಾಗಿ ತಿನ್ನುವ ಮರಬೆಕ್ಕು ಮಾಂಸಾಹಾರಿ ಗಣದಲ್ಲಿ ಹೇಗೆ ಬಂತು? ಮಾಂಸವನ್ನು ತಿನ್ನುವ ಹದ್ದಾಗಲಿ ಮೊಸಳೆಯಾಗಲಿ ಏಕೆ ಬರಲಿಲ್ಲ? ಉತ್ತರವಿರುವುದು ಊಟದಲ್ಲಲ್ಲ, ಹಲ್ಲಿನಲ್ಲಿ. ಈ ಗಣದ ಪ್ರಾಣಿಗಳ ಮೇಲ್ದವಡೆಯಲ್ಲಿ ಕೊನೆಯ ಮುಂದವಡೆ ಹಲ್ಲೂ ಕೆಳದವಡೆಯಲ್ಲಿ ಮೊದಲ ದವಡೆ ಹಲ್ಲೂ ಒಂದಕ್ಕೊಂದು ಉಜ್ಜಿಕೊಂಡು ಹೋಗುತ್ತವೆ, ಅಡಿಕೆ ಕತ್ತರಿಯ ಎರಡು ಅಲಗುಗಳಂತೆ. ಬೆಕ್ಕಿನಲ್ಲಿ ಈ ಕತ್ತರಿ ಬಹಳ ಹರಿತ. ಮರಬೆಕ್ಕಿನಲ್ಲಿ, ಹಣ್ಣನ್ನು ಅಗಿಯುವ ಬಾಯಿಗೆ ಅಷ್ಟು ಹರಿತ ಬೇಡವಾದುದರಿಂದ, ಮೊಂಡಾಗಿದೆ. ಆದರೆ ಕತ್ತರಿಯ ಜಾಗದಲ್ಲಿ ನಿಂತಿರುವವು ಅವೇ ಎರಡು ಹಲ್ಲುಗಳು. ತಾತನ ಕತ್ತಿ ಮೊಮ್ಮಗನ ಕಾಲಕ್ಕೆ ಮೊಂಡಾಯಿತೆಂದ ಮಾತ್ರಕ್ಕೆ ಅದು ಬೇರೆ ಮನೆಯ ಕತ್ತಿಯಾಗುವುದಿಲ್ಲವಷ್ಟೆ. ವರ್ಗೀಕರಣದಲ್ಲಿ ನೋಡಬೇಕಾದುದು ಪ್ರಾಣಿ ಇಂದು ಏನು ಮಾಡುತ್ತದೆ ಎಂಬುದನ್ನಲ್ಲ, ಅದು ಯಾವ ಪೂರ್ವಜರಿಂದ ಬಂದಿತು ಎಂಬುದನ್ನು. ಮನೆಯ ಮೂಲೆಯಲ್ಲಿ ಓಡುವ ಸೊಂಡಿಲಿ ನೋಡಲು ಇಲಿಯಂತೆಯೇ ಇದೆ. ಆದರೆ ಇಲಿಗಿರುವ, ಸದಾ ಬೆಳೆಯುತ್ತಿರುವ ಉಳಿಯಂತಹ ಬಾಚಿಹಲ್ಲು ಅದಕ್ಕಿಲ್ಲ. ಆದುದರಿಂದ ಅದು ಇಲಿಗಳ ಗಣಕ್ಕೇ ಸೇರಿದುದಲ್ಲ.

ಹಾಗಾದರೆ ಮರಬೆಕ್ಕನ್ನು ಬೆಕ್ಕೆಂದ ಜನರ ಮಾತು ಪೂರ್ತಿ ಸುಳ್ಳೇ? ಅಲ್ಲ. ಕಾರ್ನಿವೊರಾ ಗಣದೊಳಗೆ ಎರಡು ದೊಡ್ಡ ಕವಲುಗಳಿವೆ: ಬೆಕ್ಕಿನ ಕಡೆಯದೊಂದು, ನಾಯಿಯ ಕಡೆಯದೊಂದು. ಕಿವಿಯ ಕೆಳಗೆ ತಲೆಬುರುಡೆಯಲ್ಲಿ ಗುಳ್ಳೆಯಂತೆ ಉಬ್ಬಿದ ಎಲುಬಿನ ಗೂಡೊಂದಿದೆ. ಬೆಕ್ಕು, ಮರಬೆಕ್ಕು, ಮುಂಗುಸಿಗಳಲ್ಲಿ ಈ ಗೂಡನ್ನು ಒಳಗಿನ ಗೋಡೆಯೊಂದು ಎರಡು ಕೋಣೆಗಳಾಗಿ ಭಾಗಿಸುತ್ತದೆ. ನಾಯಿ ಕರಡಿಗಳಲ್ಲಿ ಅಂತಹ ಗೋಡೆಯಿಲ್ಲ. ಮರಬೆಕ್ಕು ಹೀಗೆ ಬೆಕ್ಕಿನ ಕಡೆಯ ಪ್ರಾಣಿಯೇ ಸರಿ. ಬೆಕ್ಕಿನ ಕುಟುಂಬದ್ದು ಮಾತ್ರವಲ್ಲ. ನಮ್ಮ ಉತ್ತರದ ಬಯಲು ಜಿಲ್ಲೆಗಳ ಕತ್ತೆಕಿರುಬ ಇದಕ್ಕಿಂತ ದೊಡ್ಡ ಮೋಸಗಾರ. ನೋಡಲು ನಾಯಿಯ ಅಣ್ಣನಂತಿದೆ; ವಂಶಾವಳಿಯಲ್ಲಿ ಬೆಕ್ಕಿನ ಕಡೆಗೆ ಸೇರುತ್ತದೆ.

ಇಲ್ಲಿಯವರೆಗೆ ಏಣಿ ಭದ್ರವಾಗಿಯೇ ಇದೆ. ಈಗ ಅದನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕು.

ಪ್ರಾಣಿಗಳಿಗೆ ಇಮ್ಮಡಿ ಹೆಸರು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಲಿನೇಯಸ್. ಅವನ ಗ್ರಂಥದ ಹತ್ತನೆಯ ಆವೃತ್ತಿ 1758ರಲ್ಲಿ ಪ್ರಕಟವಾಯಿತು. ಪ್ರಾಣಿಗಳ ಶಾಸ್ತ್ರೀಯ ನಾಮಗಳ ಲೆಕ್ಕ ಅಲ್ಲಿಂದಲೇ ಆರಂಭ. ಅದರಲ್ಲಿ ಸಿಂಹ, ಹುಲಿ, ಚಿರತೆ, ಮನೆಯ ಬೆಕ್ಕು ಎಲ್ಲವೂ ಫೇಲಿಸ್ ಎಂಬ ಒಂದೇ ಜಾತಿಯಲ್ಲಿವೆ. ಪುನುಗಿನ ಪ್ರಾಣಿಯನ್ನೂ ಮುಂಗುಸಿಯನ್ನೂ ಅವನು ವೈವೆರಾ ಎಂಬ ಒಂದೇ ಜಾತಿಯಲ್ಲಿ ಇಟ್ಟಿದ್ದನು. ಕುಟುಂಬವೆಂಬ ಮೆಟ್ಟಿಲಂತೂ ಅವನ ಪ್ರಾಣಿಗಳ ಏಣಿಯಲ್ಲಿ ಇರಲೇ ಇಲ್ಲ. ಜಾತಿಯಿಂದ ನೇರವಾಗಿ ಗಣಕ್ಕೆ ಹತ್ತಬೇಕಾಗಿತ್ತು. ಆ ಮೆಟ್ಟಿಲನ್ನು ನಡುವೆ ಸೇರಿಸಿದವರು ಅನಂತರದವರು. ಸಿಂಹ, ಹುಲಿ, ಚಿರತೆಗಳು ಪ್ಯಾಂಥೆರಾ ಎಂಬ ಬೇರೆ ಜಾತಿಗೆ ಹೋದುದೂ ಆಮೇಲೆಯೇ. ಅಂದರೆ 1758ರಿಂದ ಇಂದಿನವರೆಗೆ ಹುಲಿಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಆದರೆ ಅದರ ಜಾತಿ ಬದಲಾಯಿತು. ಪ್ರಭೇದವೆಂಬ ಗಡಿ ಪ್ರಾಣಿಯ ಒಡಲಿನಲ್ಲಿದೆಯೆಂದೆನಲ್ಲವೇ? ಜಾತಿಯ ಗಡಿ ಹಾಗಲ್ಲ. ಇಷ್ಟು ಕವಲುಗಳನ್ನು ಒಂದು ಕಟ್ಟಾಗಿ ಕಟ್ಟೋಣವೆಂದು ಮನುಷ್ಯನು ಮಾಡಿಕೊಂಡ ತೀರ್ಮಾನವದು.

ಅಳತೆಗೋಲಿನ ಪ್ರಶ್ನೆಯನ್ನು ಈಗ ಕೇಳಬಹುದು. ಮನೆಯ ಬೆಕ್ಕು, ಕಾಡುಬೆಕ್ಕು, ಚಿರತೆ, ಹುಲಿ, ಸಿಂಹ ಮುಂತಾಗಿ ಇಂದು ಬದುಕಿರುವ ಫೇಲಿಡೇ ಕುಟುಂಬದ ಎಲ್ಲ ಪ್ರಾಣಿಗಳೂ ಸುಮಾರು 1 ಕೋಟಿ 10 ಲಕ್ಷ ವರ್ಷಗಳ ಹಿಂದೆ ಇದ್ದ ಪೂರ್ವಜರಿಂದ ಕವಲೊಡೆದವೆಂದು ಡಿಎನ್‌ಎ ಹೋಲಿಕೆಯಿಂದ ಅಂದಾಜು ಮಾಡಿದ್ದಾರೆ. ಇದು ಒಂದು ಇಡೀ ಕುಟುಂಬದ ವಯಸ್ಸು. ಇತ್ತ ಕಾಲೇಜಿನ ಪ್ರಯೋಗಾಲಯಗಳಲ್ಲಿ ಸೀಸೆಯಲ್ಲಿ ಸಾಕುವ, ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣವನ್ನು ನೋಡಿರಿ. ಅದರ ಜಾತಿ ಡ್ರೊಸೊಫಿಲಾ. ಈ ಒಂದೇ ಜಾತಿಯೊಳಗಿನ ದೂರದ ಕವಲುಗಳು ಅಗಲಿ 4 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ನೊಣಗಳ ಒಂದು ಜಾತಿ ಬೆಕ್ಕುಗಳ ಇಡೀ ಕುಟುಂಬಕ್ಕಿಂತ ಹಳೆಯದು! ನೊಣಗಳನ್ನು ವಿಂಗಡಿಸಿದವರ ಕೈ ಧಾರಾಳ, ಬೆಕ್ಕುಗಳನ್ನು ವಿಂಗಡಿಸಿದವರ ಕೈ ಬಿಗಿ ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿಲ್ಲ. ಮೀಟರು ಬಟ್ಟೆಯಂಗಡಿಯಲ್ಲಿ ಒಂದು ಉದ್ದ, ಮರದ ಡಿಪೋದಲ್ಲಿ ನಾಲ್ಕುಪಟ್ಟು ಉದ್ದವಾಗಿದ್ದರೆ ನಾವು ಅದನ್ನು ಮಾನವೆಂದು ಒಪ್ಪುತ್ತಿದ್ದೆವೇ? ಜಾತಿ, ಕುಟುಂಬ, ಗಣಗಳು ಮಾನಗಳಲ್ಲ. ಬೆಕ್ಕಿನ ಕುಟುಂಬವೂ ಜೇನಿನ ಕುಟುಂಬವೂ ಒಂದೇ ಮೆಟ್ಟಿಲಿನಲ್ಲಿ ಕುಳಿತಿರುವುದರಿಂದ ಇವೆರಡರೊಳಗಿನ ವೈವಿಧ್ಯವೂ ಒಂದೇ ಪ್ರಮಾಣದ್ದೆಂದು ತಿಳಿಯುವ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಹಾಗೆಂದು ಇದು ಬರಿಯ ಇಚ್ಛಾವರ್ತನೆಯೆಂದೂ ತಿಳಿಯಬಾರದು. ಕಟ್ಟು ಎಷ್ಟು ದೊಡ್ಡದಿರಬೇಕೆಂಬುದಷ್ಟೇ ನಮ್ಮ ಇಚ್ಛೆಗೆ ಬಿಟ್ಟದ್ದು. ಅದರೊಳಗೆ ಏನು ಇರಬೇಕೆಂಬುದಕ್ಕೆ ಇಂದಿನ ವಿಜ್ಞಾನಿಗಳು ಒಂದು ಕಟ್ಟುನಿಟ್ಟಿನ ನಿಯಮವನ್ನು ಇಟ್ಟುಕೊಂಡಿದ್ದಾರೆ. ಒಂದು ಹೆಸರಿನ ಕೆಳಗೆ ಬರುವ ಪ್ರಾಣಿಗಳೆಲ್ಲ ಒಂದೇ ಪೂರ್ವಜರ ಸಂತತಿಯಾಗಿರಬೇಕು. ಆ ಪೂರ್ವಜರ ಸಂತತಿಯಲ್ಲಿ ಯಾವುದನ್ನೂ ಹೊರಗೆ ಬಿಡಬಾರದು. ಮರದ ಕೊಂಬೆಯನ್ನು ಎಲ್ಲಿ ಬೇಕಾದರೂ ಕಡಿಯಬಹುದು; ಕಡಿದ ಮೇಲೆ ಅದರ ಎಲ್ಲ ರೆಂಬೆಗಳೂ ಅದರೊಂದಿಗೇ ಬರಬೇಕು, ಪಕ್ಕದ ಕೊಂಬೆಯ ಎಲೆಗಳನ್ನು ಅದಕ್ಕೆ ಸೇರಿಸಿ ಕಟ್ಟಬಾರದು.

ಈ ನಿಯಮ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ನಮ್ಮ ತೋಟದ ಮುಂಗುಸಿಯೇ ಸಾಕ್ಷಿ. ಬಹುಕಾಲ ಇದರ ಹೆಸರು ಹರ್ಪೆಸ್ಟಿಸ್ ಎಡ್ವರ್ಡ್ಸೀ ಎಂದಿತ್ತು. ಆಫ್ರಿಕದ ದೊಡ್ಡ ಮುಂಗುಸಿಯೂ ಹರ್ಪೆಸ್ಟಿಸ್, ನಮ್ಮದೂ ಹರ್ಪೆಸ್ಟಿಸ್. ಮೈಕಟ್ಟು, ಹಲ್ಲು, ಬಣ್ಣ ನೋಡಿದವರಿಗೆ ಇದರಲ್ಲಿ ತಪ್ಪೇನೂ ತೋರಲಿಲ್ಲ. 2009ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದರಿಂದ ಏಷ್ಯದ ಮುಂಗುಸಿಗಳೆಲ್ಲ ಸೇರಿ ಒಂದು ಪ್ರತ್ಯೇಕ ಕೊಂಬೆಯೆಂಬುದು ಹೊರಬಿದ್ದಿತು. ಆಫ್ರಿಕದ ಹರ್ಪೆಸ್ಟಿಸನ್ನೂ ಇವನ್ನೂ ಒಂದೇ ಹೆಸರಿನಲ್ಲಿ ಕಟ್ಟಿದರೆ, ನಡುವೆ ಬರುವ ಬೇರೆ ಹೆಸರಿನ ಆಫ್ರಿಕದ ಮುಂಗುಸಿಗಳು ಕಟ್ಟಿನಿಂದ ಹೊರಗುಳಿದುಹೋಗುತ್ತವೆ, ನಿಯಮ ಮುರಿಯುತ್ತದೆ. ಆದುದರಿಂದ ಏಷ್ಯದವಕ್ಕೆ ಬೇರೆ ಜಾತಿ ಬೇಕಾಯಿತು. ಹೊಸ ಹೆಸರನ್ನು ಹುಡುಕಬೇಕಾಗಿ ಬರಲಿಲ್ಲ. ಏಡಿ ತಿನ್ನುವ ಮುಂಗುಸಿಗೆ ನೇಪಾಳದಲ್ಲಿದ್ದ ಹಾಡ್ಜ್‌ಸನ್ ಎಂಬ ಅಧಿಕಾರಿ 1837ರಲ್ಲಿಯೇ ಅರ್ವಾ ಎಂಬ ಜಾತಿಯ ಹೆಸರನ್ನು ಕೊಟ್ಟಿದ್ದನು. ಹಳೆಯ ಹೆಸರಿಗೆ ಮೊದಲ ಹಕ್ಕು ಎಂಬುದು ನಾಮಕರಣದ ಶಾಸನ. ಹೀಗೆ ನಮ್ಮ ಮುಂಗುಸಿ ಅರ್ವಾ ಎಡ್ವರ್ಡ್ಸೀ ಆಯಿತು. ಕುತ್ತಿಗೆಯಲ್ಲಿ ಕಪ್ಪು ಗೆರೆಯಿರುವ ಘಟ್ಟದ ಮುಂಗುಸಿಯೂ ಅದರೊಂದಿಗೆ ಅರ್ವಾ ಆಯಿತು.

ಹಳೆಯ ಪುಸ್ತಕದಲ್ಲಿ ಹರ್ಪೆಸ್ಟಿಸ್, ಹೊಸದರಲ್ಲಿ ಅರ್ವಾ. ಯಾವುದು ಸರಿಯೆಂದು ವಿದ್ಯಾರ್ಥಿ ಕೇಳುತ್ತಾನೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೆ ಅಂಕ ದೊರೆಯುತ್ತದೆಂಬುದೇ ಅವನ ನಿಜವಾದ ಪ್ರಶ್ನೆ, ಅದನ್ನು ತಪ್ಪೆನ್ನಲಾರೆ. ಎಡ್ವರ್ಡ್ಸೀ ಎಂಬ ಎರಡನೆಯ ಪದ ಎರಡೂ ಪುಸ್ತಕಗಳಲ್ಲಿ ಒಂದೇ ಆಗಿರುವುದನ್ನು ಅವನಿಗೆ ತೋರಿಸಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಪ್ರಾಣಿ ಯಾವುದೆಂಬುದರಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. ಅದನ್ನು ಯಾವ ಕಟ್ಟಿನಲ್ಲಿ ಇಡಬೇಕೆಂಬುದರಲ್ಲಿ ಮಾತ್ರ ತೀರ್ಮಾನ ಬದಲಾಯಿತು. ನಮ್ಮ ಪಾಠಗಳಲ್ಲಿ ಏಣಿಯ ಚಿತ್ರವನ್ನು ತೆಗೆದು ಕವಲೊಡೆದ ಮರದ ಚಿತ್ರವನ್ನು ಹಾಕಬೇಕೆಂಬುದು ನನ್ನ ಅಭಿಪ್ರಾಯ. ಹುಲಿಯ ಗಣ, ಕುಟುಂಬ, ಜಾತಿಗಳನ್ನು ಸಾಲಾಗಿ ಬರೆಯಿರಿ ಎಂಬ ಪ್ರಶ್ನೆಗೆ ಬದಲಾಗಿ, ಹುಲಿ, ಬೆಕ್ಕು, ಮರಬೆಕ್ಕುಗಳಲ್ಲಿ ಯಾವ ಎರಡು ಹತ್ತಿರದವು, ಏಕೆ, ಎಂದು ಕೇಳಬೇಕು. ಮೊದಲನೆಯದಕ್ಕೆ ನೆನಪು ಸಾಕು. ಎರಡನೆಯದಕ್ಕೆ ಹಲ್ಲನ್ನು ಎಣಿಸಿದವನೇ ಉತ್ತರ ಹೇಳಬಲ್ಲ.

ಪ್ರಭೇದವೆಂಬ ಕೆಳಗಿನ ಮೆಟ್ಟಿಲಿನ ವಿಷಯಕ್ಕೆ ಮತ್ತೊಮ್ಮೆ ಬರಬೇಕು. ಅದಕ್ಕೆ ನಿಸರ್ಗದಲ್ಲಿಯೇ ಪರೀಕ್ಷೆಯಿದೆಯೆಂದೆ. ಆದರೆ ಪರೀಕ್ಷೆಯನ್ನು ನಡೆಸಲು ಎರಡು ಗುಂಪುಗಳೂ ಒಂದೆಡೆ ಇರಬೇಕು. ಮೃಗಾಲಯದ ಬೋನಿನಲ್ಲಿ ಸಿಂಹವೂ ಹುಲಿಯೂ ಕೂಡಿ ಮರಿ ಹಾಕಿದ ಪ್ರಸಂಗಗಳಿವೆ. ಆ ಹೆಣ್ಣುಮರಿಗಳಲ್ಲಿ ಕೆಲವು ಬೆಳೆದು ತಾವೂ ಮರಿ ಹಾಕಿವೆ. ಬೋನಿನ ಮದುವೆ ಕಾಡಿನ ಸಾಕ್ಷ್ಯವಾಗದೆಂದು ಇದನ್ನು ಬದಿಗಿಡಬಹುದು. ಎರಡು ಗುಂಪುಗಳ ನಡುವೆ ಸಮುದ್ರವಿದ್ದರೆ? ಒಂದು ಗುಂಪು ಬಹುಶಃ ಅಳಿದೇ ಹೋಗಿದ್ದರೆ? ಆಗ ಮೈಯ ಗುರುತುಗಳಿಂದಲೂ ಡಿಎನ್‌ಎಯಿಂದಲೂ ಊಹಿಸುವುದಲ್ಲದೆ ಬೇರೆ ದಾರಿಯಿಲ್ಲ. ನಮ್ಮ ಕರಾವಳಿಯಲ್ಲಿಯೇ ಇಂತಹದೊಂದು ಬಗೆಹರಿಯದ ವ್ಯಾಜ್ಯವಿದೆ.

ಮರಬೆಕ್ಕಿನ ಕುಟುಂಬಕ್ಕೇ ಸೇರಿದ, ಆದರೆ ಅದಕ್ಕಿಂತ ದೊಡ್ಡದಾದ, ಮೈಮೇಲೆ ದೊಡ್ಡ ಕಪ್ಪು ಮಚ್ಚೆಗಳಿರುವ ಪ್ರಾಣಿಯೊಂದನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1862ರಲ್ಲಿ ವರ್ಣಿಸಿ ವೈವೆರಾ ಸಿವೆಟ್ಟೀನಾ ಎಂದು ಹೆಸರಿಟ್ಟನು. ಇದೇ ಮಲಬಾರ್ ಪುನುಗುಬೆಕ್ಕು. ಇದು ಹೊನ್ನಾವರದಿಂದ ಕನ್ಯಾಕುಮಾರಿಯವರೆಗಿನ ಕರಾವಳಿಯಲ್ಲಿದೆಯೆಂದು ಜೆರ್ಡನ್ ಬರೆದಿಟ್ಟಿದ್ದಾನೆ. ಅಂದರೆ ನಮ್ಮ ಜಿಲ್ಲೆಯೂ ಅದರೊಳಗೆ ಬರುತ್ತದೆ. ಆಮೇಲೆ ಅದು ಕ್ರಮೇಣ ಕಾಣೆಯಾಯಿತು. ಅಳಿದೇಹೋಯಿತೆಂದು ತಿಳಿದಿದ್ದಾಗ 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಲಯೂರಿನಲ್ಲಿ ಇದರದೆನ್ನಲಾದ ಚರ್ಮಗಳು ದೊರೆತವು. ಅನಂತರ ಕಾಡಿನಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಹುಡುಕಿದವರಿಗೂ ಅದು ಕಾಣಿಸಿಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ವಿನಾಶದ ಅಂಚಿನಲ್ಲಿರುವ ಪ್ರಾಣಿಯೆಂದು ದಾಖಲಿಸಿದ್ದಾರೆ.

ವ್ಯಾಜ್ಯವಿರುವುದು ಇಲ್ಲಿ. ಬ್ಲೈತನು ಅದೇ 1862ರಲ್ಲಿ ವೈವೆರಾ ಮೆಗಾಸ್ಪೈಲಾ ಎಂಬ ಇನ್ನೊಂದು ಪ್ರಭೇದವನ್ನೂ ವರ್ಣಿಸಿದ್ದನು. ಅದು ಬರ್ಮಾದಿಂದ ಮಲಯದವರೆಗಿನ ಪ್ರಾಣಿ. ನಮ್ಮದನ್ನು ಬಹಳ ಹೋಲುತ್ತದೆ. ಪುನುಗು ಬೆಲೆಬಾಳುವ ಸುಗಂಧದ್ರವ್ಯ. ಅದಕ್ಕಾಗಿ ಈ ಪ್ರಾಣಿಗಳನ್ನು ಜೀವಂತವಾಗಿ ಹಿಡಿದು ಗೂಡಿನಲ್ಲಿಟ್ಟು ಸಾಕುವುದೂ ಹಡಗಿನಲ್ಲಿ ಸಾಗಿಸುವುದೂ ಹಿಂದೆ ರೂಢಿಯಲ್ಲಿದ್ದವು. ಮಲಬಾರಿನಲ್ಲಿ ದೊರೆತವು ಈ ನೆಲದವಲ್ಲ, ಪೂರ್ವದ ನಾಡುಗಳಿಂದ ವರ್ತಕರು ತಂದವುಗಳ ಸಂತತಿಯಾಗಿರಬಹುದು ಎಂಬ ಸಂಶಯವನ್ನು 2010ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಎತ್ತಿದ್ದಾರೆ. ಈ ಪ್ರಾಣಿ ದೊರೆತುದೆಲ್ಲ ಹೆಚ್ಚಾಗಿ ಕರಾವಳಿಯ ಆಸುಪಾಸಿನಲ್ಲಿ. ದಟ್ಟವಾದ ಕಾಡಿನಲ್ಲಿ ಅದನ್ನು ಸ್ವತಃ ಕಂಡು ಅಭ್ಯಸಿಸಿದವರ ವಿವರಗಳು ಇಲ್ಲವೆನ್ನುವಷ್ಟು ಕಡಿಮೆ.

ಇದು ಹೆಸರಿನ ಜಗಳವಷ್ಟೇ ಅಲ್ಲ. ಸಿವೆಟ್ಟೀನಾ ಬೇರೆ ಪ್ರಭೇದವೇ ಆಗಿದ್ದರೆ, ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲದ ಪ್ರಾಣಿಯೊಂದು ಕಾರವಾರದಿಂದ ತಿರುವನಂತಪುರದವರೆಗಿನ ಗೇರುತೋಟಗಳ, ಕುರುಚಲು ಪದವುಗಳ ನಡುವೆ ಕೊನೆಯುಸಿರೆಳೆಯುತ್ತಿದೆಯೆಂದಾಗುತ್ತದೆ. ರಬ್ಬರಿಗಾಗಿಯೋ ಕಲ್ಲುಕೋರೆಗಾಗಿಯೋ ಒಂದು ಪದವನ್ನು ಬೋಳಿಸುವ ಮೊದಲು ಅಲ್ಲಿ ಹುಡುಕಬೇಕಾಗುತ್ತದೆ. ಅದು ಮೆಗಾಸ್ಪೈಲಾವೇ ಆಗಿದ್ದರೆ, ಅಳಿದಿರುವುದು ವರ್ತಕರ ಗೂಡಿನಿಂದ ತಪ್ಪಿಸಿಕೊಂಡ ಕೆಲವು ಪ್ರಾಣಿಗಳ ಸಂತತಿ ಮಾತ್ರ; ಆ ಪ್ರಭೇದವನ್ನು ಉಳಿಸುವ ಕೆಲಸ ನಡೆಯಬೇಕಾದುದು ಕಾಂಬೋಡಿಯದಂತಹ ನಾಡುಗಳ ಕಾಡುಗಳಲ್ಲಿ. ಎರಡರಲ್ಲಿ ಯಾವುದು ನಿಜವೆಂದು ತಿಳಿಯುವ ಕ್ರಮ ಕಷ್ಟದ್ದೇನೂ ಅಲ್ಲ. ವಸ್ತುಸಂಗ್ರಹಾಲಯಗಳಲ್ಲಿರುವ ಮಲಬಾರಿನ ಹಳೆಯ ಚರ್ಮಗಳಿಂದ ಚೂರು ತೆಗೆದು ಅದರ ಡಿಎನ್‌ಎಯನ್ನು ಓದಬೇಕು. ಪೂರ್ವದ ಬೇರೆಬೇರೆ ನಾಡುಗಳ ಮೆಗಾಸ್ಪೈಲಾಗಳ ಡಿಎನ್‌ಎಯೊಂದಿಗೆ ಹೋಲಿಸಬೇಕು. ಮಲಬಾರಿನ ಚರ್ಮಗಳು ಆ ಕೊಂಬೆಯ ಎಲೆಗಳ ನಡುವೆಯೇ ಬಂದು ಕೂತರೆ ಅವು ಹಡಗಿನಲ್ಲಿ ಬಂದವೆನ್ನಬೇಕು. ಅವೆಲ್ಲವುಗಳಿಂದ ದೂರದಲ್ಲಿ, ಲಕ್ಷಾಂತರ ವರ್ಷಗಳ ಹಿಂದೆ ಅಗಲಿದ ಕೊಂಬೆಯಾಗಿ ನಿಂತರೆ, ಬ್ಲೈತನು ಹೇಳಿದುದೇ ಸರಿಯೆನ್ನಬೇಕು. ಚರ್ಮ ಎಷ್ಟು ಹಳೆಯದೋ ಡಿಎನ್‌ಎ ಅಷ್ಟು ತುಂಡುತುಂಡಾಗಿರುತ್ತದೆ. ಕೆಡದಂತೆ ಹಾಕಿದ ಔಷಧಗಳೂ ಅದನ್ನು ಹಾಳುಮಾಡಿರುತ್ತವೆ. ಆದುದರಿಂದ ಒಂದೇ ಚರ್ಮವನ್ನು ನಂಬಿ ತೀರ್ಪು ಕೊಡುವಂತಿಲ್ಲ. ಚರ್ಮದ ಚೀಟಿಯಲ್ಲಿ ಮಲಬಾರ್ ಎಂದು ಬರೆದಿದ್ದರೂ, ಪ್ರಾಣಿಯನ್ನು ಹಿಡಿದದ್ದು ಕಾಡಿನಲ್ಲೋ ವರ್ತಕನ ಅಂಗಳದಲ್ಲೋ ಎಂಬುದನ್ನು ಆ ಚೀಟಿ ಹೇಳುವುದಿಲ್ಲ.